ಮಹಾಲಿಂಗಯ್ಯ ಮೇಷ್ಟ್ರ ಪ್ರಭಾರ

ಮುಖ್ಯೋಪಾಧ್ಯಾಯಿನಿ ವೇದಾವತಿ ಹೊಟ್ಟೆಯ ಆಪರೇಷನ್ನಿಗೆಂದು ಒಂದು ತಿಂಗಳ ರಜೆ ಕೇಳಿ ಬಿಇಒ ಸಾಹೇಬರಿಗೆ ಅರ್ಜಿ ಬರೆದರು. ತಾವು ಬರುವ ತನಕ ಶಾಲೆಯ ಪ್ರಭಾರ ಗೌರೀಶನಿಗೆ ಎಂದು ಅದರಲ್ಲೇ ಕಾಣಿಸಿದರು. ಕೊಡಿಗೇನಹಳ್ಳಿ ಹತ್ತಿರದ ಆ ಶಾಲೆಯಲ್ಲಿ ಇರುವುದೇ ಮೂವರು ಶಿಕ್ಷಕರು. ಗೌರೀಶ ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದವನು. ಮೇಡಂ ಬಿಟ್ಟರೆ ಹಿರಿಯರು ಮಹಾಲಿಂಗಯ್ಯ ಮೇಷ್ಟ್ರು. ಹುಡುಗ ಒಪ್ಪಿಗೆಯ ಸಹಿ ಹಾಕುವುದನ್ನು ಕಂಡು ಅವರ ಮೈ ಉರಿದುಹೋಯಿತು.

ನನ್ನ ಕೈಗೆ ಕೀಲಿ ಬರಬಾರದು ಅಂದರೆ ಬೀಗದ ಹಿಂದೆ ಏನೋ ಇದೆ ಎಂದು ಅವರು ಲೆಕ್ಕ ಹಾಕಿದರು. ಬಿಸಿಯೂಟದ ಅಕ್ಕಿ ಇದೆ, ಬೇಳೆ ಇದೆ. ಖಂಡಿತ ತೂಕದಲ್ಲಿ ಕಮ್ಮಿ ಇದೆ. ಇಷ್ಟು ಸಲೀಸಾಗಿ ಅವರು ಮಕ್ಕಳಿಗೂ ಲೆಕ್ಕ ಹೇಳಿಕೊಟ್ಟವರಲ್ಲ.

ಮರುದಿನ ಸಾಂದರ್ಭಿಕ ರಜೆ ಹಾಕಿ ಮಧುಗಿರಿ ಬಸ್ಸು ಹತ್ತಿದರು. ಬಿಇಒ ಕಚೇರಿಯಲ್ಲಿ ಗುಮಾಸ್ತ ಅಶ್ವತ್ಥ ಅರ್ಜಿ ತಿರುವಿ ನೋಡಿದ.

"ಸೀನಿಯರ್ ನೀವಿರುವಾಗ ಜೂನಿಯರ್‌ಗೆ ಹೆಂಗೆ ಕೊಡಕಾಯ್ತದೆ ಸಾರ್? ನಿಮಗೆ ಬ್ಯಾಡ ಅಂದ್ರೆ ಬರ್ದು ಕೊಟ್ಬುಡಿ, ಇದಕ್ಕೇ ಲಗತ್ತಿಸ್ತೀನಿ."

"ನಾನ್ಯಾಕೆ ಬ್ಯಾಡ ಅನ್ಲಿ?"

ಅರ್ಜಿ ವಾಪಸ್ಸು ಬಂತು. ಆಸ್ಪತ್ರೆಯಲ್ಲಿ ದಿನ ಗೊತ್ತಾಗಿಬಿಟ್ಟಿತ್ತು. ವೇದಾವತಿ ಅಂದೇ ಹೆಸರು ಬದಲಿಸಿ ಬರೆದರು, ಮಂಜೂರಾತಿಯೂ ಬಂತು. ಇಷ್ಟು ಬೇಗ ಒಪ್ಪಿದರಲ್ಲ ಎಂದು ಮೇಷ್ಟ್ರಿಗೆ ಅದೂ ಅನುಮಾನ.

ಪ್ರಭಾರ ವಹಿಸುವಾಗ ಚೀಲ ಎಣಿಸಿ ಸಹಿ ಹಾಕುವುದು ಅಲ್ಲಿನ ರೂಢಿ. ಮೇಷ್ಟ್ರು ಊರಿನ ಅಂಗಡಿಯಿಂದ ತಕ್ಕಡಿ ತರಿಸಿದರು. ಅಡುಗೆಯ ಹೊನ್ನಕ್ಕ ಒಲೆ ಬಿಟ್ಟು ಬಂದು ಚೀಲಗಳನ್ನು ಎಳೆದಳು, ಗೌರೀಶ ಎತ್ತಿದ. ನೋವಿಗೆ ಹೊಟ್ಟೆ ಹಿಡಿದುಕೊಂಡು ವೇದಾವತಿ ಬೆಂಚಿನ ಮೇಲೆ ಕೂತರು. ಅಕ್ಕಿ ಸರಿಯಿತ್ತು. ಬೇಳೆ ಸರಿಯಿತ್ತು. ಮೇಷ್ಟ್ರು ಎಣ್ಣೆಯ ಪ್ಯಾಕೆಟ್ಟುಗಳನ್ನೂ ತೂಗಿಸಿದರು, ಅವೂ ಸರಿಯಿದ್ದವು.

ಹೊನ್ನಕ್ಕ ಸೆರಗಿನಲ್ಲಿ ಬೆವರೊರೆಸಿಕೊಂಡು ಅಡುಗೆಮನೆಗೆ ಹೋದಳು. ಮೇಷ್ಟ್ರಿಗೆ ನಿಜಕ್ಕೂ ದುಃಖವಾಯಿತು. ಒಂದು ಸೇರಾದರೂ ಕಮ್ಮಿ ಬಿದ್ದಿದ್ದರೆ ಸಮಾಧಾನವಾಗುತ್ತಿತ್ತು. ಈಗ ತಮ್ಮನ್ನು ಕೈಬಿಟ್ಟಿದ್ದಕ್ಕೆ ಕಾರಣವೇ ಉಳಿಯಲಿಲ್ಲ.

"ಮತ್ತೆ ನನ್ ಹೆಸ್ರು ಯಾಕೆ ಬರೀಲಿಲ್ಲ ಮೇಡಂ?"

ವೇದಾವತಿ ಬೆಂಚು ಹಿಡಿದು ಎದ್ದರು.

"ನೀವು ಕದಿಯೋರಲ್ಲ ಸಾರ್, ಅದು ನಂಗೊತ್ತು. ಆದ್ರೆ ಎಲ್ರನ್ನೂ ಕಳ್ಳರ ಥರ ನೋಡ್ತೀರ. ಇಂಗೆ ದಿನಾ ತೂಗಿಸಿದ್ರೆ ಹೊನ್ನಕ್ಕ ಒಂದು ವಾರ ನಿಲ್ಲಾಕಿಲ್ಲ. ಅವಳು ಹೋದ್ರೆ ಮಕ್ಳಿಗೆ ಊಟ ಯಾರ್ ಮಾಡ್ತಾರೆ? ನಾನು ಆಸ್ಪತ್ರೇಲಿ ಮಲಗಿರ್ತೀನಿ."

ಮೇಷ್ಟ್ರು ತಲೆತಗ್ಗಿಸಿದರು. ಗೌರೀಶ ತಕ್ಕಡಿಯ ಬಟ್ಟುಗಳನ್ನು ಸದ್ದಾಗದಂತೆ ಎತ್ತಿಡತೊಡಗಿದ. ವೇದಾವತಿ ಕೀಲಿಗೊಂಚಲನ್ನು ಮೇಷ್ಟ್ರ ಮುಂದೆ ಹಿಡಿದರು. ಮೇಷ್ಟ್ರು ಅದನ್ನು ತೆಗೆದುಕೊಂಡು ದನಿ ತಗ್ಗಿಸಿ ಕೇಳಿದರು:

"ಹೊನ್ನಕ್ಕ ನನ್ ಮ್ಯಾಲೆ ಏನಂತ ಹೇಳಿದ್ಲು?"