ದೊಡ್ಡಪ್ಪನ ಎಡೆ ಮುಟ್ಟಿದ ಹಕ್ಕಿ

ಮಸುಕಾದ ಫೋಟೊ ಕಳಿಸುವವರ ಮೇಲೆ ನನಗೆ ಮೊದಲಿಂದಲೂ ಸಿಟ್ಟು. ನಾನು ಬಸವಕಲ್ಯಾಣದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ರವಿವಾರ ಬಂತೆಂದರೆ ದುರ್ಬೀನು ಕೊರಳಿಗೆ ಹಾಕಿಕೊಂಡು ತ್ರಿಪುರಾಂತ ಕೆರೆಯ ದಂಡೆಗೆ ಹೋಗಿ ನಿಲ್ಲುವ ಚಟ ಇದೆ. ಹೆಸರು ಬೇರೆ ಮಯೂರಿ. ಇಷ್ಟು ಸಾಕಲ್ಲ, ತಾಲೂಕಿನಲ್ಲಿ ಯಾರ ಮನೆ ಮುಂದೆ ಏನು ಹಾರಿದರೂ ಅದರ ಫೋಟೊ ನನ್ನ ಮೊಬೈಲಿಗೆ ಬರುತ್ತದೆ. ಹಕ್ಕಿ ಒಂದು ಕಡೆ, ಬೆರಳು ಒಂದು ಕಡೆ, ನಡುವೆ ವಿದ್ಯುತ್ ತಂತಿ. ಕೆಳಗೆ ಒಂದು ಪ್ರಶ್ನೆ: ಇದು ಯಾವ ಹಕ್ಕಿ? ಹೋದ ವರ್ಷ ಪುಣ್ಯಾತ್ಮರೊಬ್ಬರು ಬೇವಿನ ಮರಕ್ಕೆ ಸಿಕ್ಕಿಕೊಂಡ ಕರಿ ಪ್ಲಾಸ್ಟಿಕ್ ಚೀಲದ ಫೋಟೊ ಕಳಿಸಿ ಗೂಬೆಯೇ ಎಂದು ಕೇಳಿದ್ದರು.

ಆ ದಿನ ಮಧ್ಯಾಹ್ನದ ಬಿಡುವಿನಲ್ಲಿ ಡಬ್ಬಿ ಬಿಚ್ಚುತ್ತಿದ್ದಾಗ ಬಂದ ಫೋಟೊ ಅವೆಲ್ಲಕ್ಕಿಂತ ಕೆಟ್ಟದಾಗಿತ್ತು. ಬೂದು ಬಣ್ಣದ ಜಾಳಿಗೆ, ಅದರಾಚೆ ಒಂದು ಹೊಳೆಯುವ ತಟ್ಟೆ, ತಟ್ಟೆಯ ಪಕ್ಕ ಉದ್ದನೆಯ ಕಪ್ಪು ಕಲೆ. ಬಾಲ ಎಲ್ಲಿ, ತಲೆ ಎಲ್ಲಿ, ಮೊದಲ ನೋಟಕ್ಕೆ ಒಂದೂ ತಿಳಿಯದು. ಕಳಿಸಿದವಳು ಹುಮನಾಬಾದಿನ ಪೂನಮ, ನನ್ನ ದೊಡ್ಡವ್ವನ ಸೊಸೆ. ಬೈಯೋಣವೆಂದು ಬೆರಳು ಒತ್ತುವಷ್ಟರಲ್ಲಿ ಅವಳೇ ಫೋನು ಮಾಡಿದಳು.

"ಅಕ್ಕಾ, ಫೋಟೊ ನೋಡೀರಿ? ಕಾಗಿ ಅದ ಅಲ್ರೀ?"

ಧ್ವನಿ ತಗ್ಗಿಸಿ ಮಾತಾಡುತ್ತಿದ್ದಳು. ಸಂಗತಿ ಏನೆಂದು ಆಗ ಹೊಳೆಯಿತು. ಪಿತೃಪಕ್ಷ ನಡೆದಿತ್ತು. ಅಂದು ದೊಡ್ಡಪ್ಪ ಲಾಲಪ್ಪನ ತಿಥಿ, ಅವನು ತೀರಿಕೊಂಡ ಮೇಲೆ ಬಂದ ಮೊದಲ ಪಕ್ಷ. ಹಿರಿಯರಿಗೆ ಇಟ್ಟ ಎಡೆಯನ್ನು ಕಾಗೆ ಮುಟ್ಟಬೇಕು, ಆಮೇಲೆಯೇ ಮನೆಯವರು ಉಣ್ಣಬೇಕು. ಹುಲಸೂರ ಕಡೆಯ ಅವರ ಹಳ್ಳಿಯಲ್ಲಿ ಇದೊಂದು ತೊಡಕೇ ಆಗಿರಲಿಲ್ಲ. ಮಾಳಿಗೆ ಮೇಲೆ ತಟ್ಟೆ ಇಟ್ಟು ಎರಡು ಸಲ ಕಾವ್ ಕಾವ್ ಎಂದರೆ ಓಣಿಯ ಕಾಗೆಗಳೆಲ್ಲ ಹಾಜರ್. ಈಗ ಮಗ ಅಜೀತ ಹುಮನಾಬಾದಿನ ಔಷಧಿ ಕಾರ್ಖಾನೆಯಲ್ಲಿದ್ದಾನೆ. ಎರಡನೇ ಮಹಡಿಯ ಬಾಡಿಗೆ ಮನೆ, ಟೆರೇಸಿಗೆ ಮಾಲೀಕನ ಕೀಲಿ. ಹಾಗಾಗಿ ಎಡೆ ಬಾಲ್ಕನಿಗೆ ಬಂದಿತ್ತು.

"ಮುಂಜಾನಿಂದ ಕಾಯಾಕತ್ತೇವಿ," ಎಂದಳು ಪೂನಮ. "ಒಂದೂ ಬರಲಿಲ್ಲ. ಅತ್ತಿ ಒಂದು ತುತ್ತು ಮುಟ್ಟಿಲ್ಲ. ಶುಗರಿನ ಗುಳಿಗಿ ಮಾತ್ರ ನುಂಗ್ಯಾರ. ಈಗ ಕೈ ನಡಗಾಕತ್ತಾವ, ಬೆವರು ಬರಾಕತ್ತದ. ಇವರು ನೋಡಿದ್ರ ಡ್ಯೂಟಿ ಮ್ಯಾಲ ಹೋಗ್ಯಾರ. ನೀವು ಕಾಗಿ ಅಂದುಬಿಡ್ರಿ ಅಕ್ಕಾ. ನಿಮ್ಮ ಮಾತು ಕೇಳ್ತಾರ."

ಗುಳಿಗೆ ನುಂಗಿ ಉಪವಾಸ ಕೂತರೆ ಸಕ್ಕರೆ ಸರಕ್ಕನೆ ಇಳಿಯುತ್ತದೆ, ಮನುಷ್ಯ ಕೂತಲ್ಲೇ ಒರಗಿಬಿಡಬಹುದು. "ಮೊದಲು ಒಂದು ಚಮಚ ಸಕ್ಕರೆ ಬಾಯಾಗ ಹಾಕು," ಎಂದೆ.

"ಹಾಕಲಿಕ್ಕಿ ಹೋದ್ರ ಮುಖ ತಿರುಗಸ್ತಾರ. ನಿಮ್ಮ ದೊಡ್ಡಪ್ಪ ಮುಟ್ಟೋ ತನಕ ಬ್ಯಾಡ ಅಂತಾರ."

ನನ್ನ ಪಕ್ಕದಲ್ಲಿ ಊಟಕ್ಕೆ ಕೂತಿದ್ದವರು ಗಣಿತದ ಅಬ್ದುಲ್ ಕರೀಂ ಸರ್. ಸ್ಪೀಕರಿಗೆ ಹಾಕಿದ್ದ ಮಾತೆಲ್ಲ ಕೇಳಿಸಿಕೊಂಡು ಅವರೂ ಕನ್ನಡಕ ಏರಿಸಿ ಫೋಟೊ ನೋಡಿದರು. "ಕಾಗಿನೇ ಅನ್ರಿ ಟೀಚರ್. ಒಂದು ಜೀವ ಉಣ್ತದ," ಎಂದರು.

ಅನ್ನಬಹುದಿತ್ತು. ಆದರೆ ನೋಡುತ್ತ ನೋಡುತ್ತ ನನ್ನ ಕಣ್ಣು ತನ್ನ ಕೆಲಸ ಶುರು ಮಾಡಿಬಿಟ್ಟಿತ್ತು. ಮಸುಕಾದ ಫೋಟೊದಲ್ಲಿ ಬಣ್ಣ, ಗೆರೆ ಹುಡುಕಿ ಫಲವಿಲ್ಲ. ಅಳತೆ ನೋಡಬೇಕು, ಆಕಾರ ನೋಡಬೇಕು. ಊರ ಕಾಗೆಯ ಕೊರಳು ಬೂದಿ ಬಣ್ಣ. ಇದು ತಲೆಯಿಂದ ಬಾಲದವರೆಗೆ ಒಂದೇ ಕಪ್ಪು. ಅಷ್ಟಕ್ಕೇ ಕಾಗೆಯಲ್ಲ ಎನ್ನುವ ಹಾಗಿಲ್ಲ, ಏಕೆಂದರೆ ಕಾಡುಕಾಗೆಯೂ ಪೂರಾ ಕಪ್ಪೇ. ಆದರೆ ಕಾಡುಕಾಗೆಯದು ದಪ್ಪ ಮೈ, ದಪ್ಪ ಕರಿ ಕೊಕ್ಕು. ಊಟದ ತಟ್ಟೆಯ ಪಕ್ಕದಲ್ಲಿ ಈ ಹಕ್ಕಿ ಸಪೂರವಾಗಿ ಕಾಣುತ್ತಿತ್ತು, ಬಾಲ ಮೈಗೆ ಮೀರಿ ಉದ್ದವಿತ್ತು, ಕೊಕ್ಕು ಇರಬೇಕಾದಲ್ಲಿ ತಿಳಿಯಾದ ಒಂದು ಚುಕ್ಕೆ ಇತ್ತು. ಕಾಗೆಗೆ ತಿಳಿ ಬಣ್ಣದ ಕೊಕ್ಕು ಎಲ್ಲಿಂದ ಬರಬೇಕು? ಕೆಂಬೂತವೆನ್ನೋಣವೆಂದರೆ ಅದರ ರೆಕ್ಕೆ ಇಟ್ಟಂಗಿ ಕೆಂಪು, ಈ ಬಿಸಿಲಲ್ಲಿ ಆ ಕೆಂಪು ಅಡಗುವುದಿಲ್ಲ. ಕಾಜಾಣದ ಬಾಲ ತುದಿಯಲ್ಲಿ ಸೀಳಿರುತ್ತದೆ, ಅದು ಹಾರುವ ಹುಳ ಬಿಟ್ಟು ತಟ್ಟೆಯ ಕಡೆ ತಿರುಗಿಯೂ ನೋಡುವುದಿಲ್ಲ.

"ಪೂನಮ, ತಟ್ಟಿಯೊಳಗ ಏನೇನು ಇಟ್ಟಿದ್ರಿ?"

"ಅನ್ನ, ತೊವ್ವಿ, ವಡಿ, ಖೀರು. ಮತ್ತ ಬಾಳಿಹಣ್ಣು, ಸುಲಿದು ಹೋಳು ಮಾಡಿ ಅತ್ತಿನೇ ಇಟ್ಟಾರ."

"ಅದರಾಗ ಏನು ಹೋಗ್ಯದ? ತಟ್ಟಿದೂ ಒಂದು ಫೋಟೊ ಕಳಸು."

ತಟ್ಟೆ ಹಾರಿಹೋಗುವುದಿಲ್ಲವಲ್ಲ, ಈ ಫೋಟೊ ಸ್ವಚ್ಛವಾಗಿ ಬಂತು. ಅನ್ನದ ಗುಡ್ಡೆ ಇಟ್ಟ ಹಾಗೇ ಇದೆ. ಖೀರಿಗೆ ಕೆನೆ ಕಟ್ಟಿದೆ. ವಡೆ ಒಂದೂ ಕದಲಿಲ್ಲ. ಬಾಳೆಹಣ್ಣಿದ್ದ ಮೂಲೆಯಲ್ಲಿ ಮಾತ್ರ ಒದ್ದೆ ಕಲೆ ಉಳಿದಿದೆ, ಒಂದು ಹೋಳೂ ಇಲ್ಲ.

ಇನ್ನು ಅನುಮಾನವೇ ಉಳಿಯಲಿಲ್ಲ. ಕಾಗೆ ಬಂದಿದ್ದರೆ ಮೊದಲು ವಡೆ ಎತ್ತಿಕೊಂಡು ಹೋಗುತ್ತಿತ್ತು, ಆಮೇಲೆ ಅನ್ನ ಕೆದರಿ ಬಾಲ್ಕನಿ ತುಂಬ ಚೆಲ್ಲುತ್ತಿತ್ತು. ಅದಕ್ಕೆ ಇಂಥದ್ದೇ ಬೇಕೆಂಬ ಹಟ ಇಲ್ಲ. ಇಷ್ಟೆಲ್ಲ ಅಡುಗೆ ಕಣ್ಣ ಮುಂದಿದ್ದೂ ಹಣ್ಣನ್ನಷ್ಟೇ ಆರಿಸಿ ನುಂಗಿ ಹೋಗುವ ಕಪ್ಪು ಹಕ್ಕಿ ಗಂಡು ಕೋಗಿಲೆ.

"ಇದು ಕೋಗಿಲಿ, ಪೂನಮ. ಮನಿ ಹತ್ರ ಅರಳಿ ಮರ, ಆಲದ ಮರ ಏನರ ಅದ ಏನು?"

"ಬಾಲ್ಕನಿ ಎದುರಿಗೇ ಅರಳಿ ಮರ ಅದರಿ. ಆದ್ರ ಕೋಗಿಲಿ ಈಗೆಲ್ಲಿ ಬರ್ತದ ಅಕ್ಕಾ? ಅದು ಯುಗಾದಿಗೆ ಅಲ್ಲೇನು?"

ಎಲ್ಲರೂ ಹಾಗೇ ತಿಳಿದಿರುತ್ತಾರೆ. ಕೋಗಿಲೆ ಎಲ್ಲಿಗೂ ಹೋಗಿರುವುದಿಲ್ಲ. ಮಳೆಗಾಲ ಮುಗಿಯುತ್ತ ಬಂದಂತೆ ಕೂಗುವುದನ್ನು ಬಹಳ ಕಡಿಮೆ ಮಾಡಿ, ಅರಳಿಹಣ್ಣು ತಿನ್ನುತ್ತ ಎಲೆಗಳ ಮರೆಯಲ್ಲಿ ಇರುತ್ತದೆ. ಕೂಗದ ಕೋಗಿಲೆಯನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ?

ಕರೀಂ ಸರ್ ಇನ್ನೂ ಪಟ್ಟು ಬಿಟ್ಟಿರಲಿಲ್ಲ. "ಕೋಗಿಲಿ ತತ್ತಿ ಇಡೋದು ಕಾಗಿ ಗೂಡಿನಾಗ ಅಂತ ನೀವೇ ಹುಡುಗರಿಗಿ ಪಾಠ ಮಾಡೀರಿ. ಕಾಗಿನೇ ಸಾಕಿ ಬೆಳಸ್ತದ. ಅಂದಮ್ಯಾಲ ಕಾಗಿ ಮನಿ ಮಗ ಆಯ್ತಲ್ರಿ. ಕಾಗಿ ಅಂದ್ರ ಪೂರಾ ಸುಳ್ಳೇನೂ ಅಲ್ಲ."

ಗಣಿತದವರ ಬಾಯಲ್ಲಿ ಇಂಥ ವಾದ! ನಗು ಬಂತು, ಮನಸ್ಸು ಸೋತೂ ಹೋಯಿತು. ಹಕ್ಕಿಯ ಹೆಸರು ತಪ್ಪು ಹೇಳಿದವರ ಜೊತೆ ಅರ್ಧ ತಾಸು ಜಗಳಾಡುವವಳು ನಾನು. ಆದರೂ ಅತ್ತ ಕೈ ನಡುಗಿಸುತ್ತ ಕೂತಿರುವವಳು ನನ್ನ ದೊಡ್ಡವ್ವ. ರಜೆಯಲ್ಲಿ ನನ್ನ ತಲೆಗೆ ಎಣ್ಣೆ ಒತ್ತಿ ಎರೆದವಳು. ಹಾಳಾಗಿ ಹೋಗಲಿ, ಕಾಗೆ ಅಂದೇಬಿಡೋಣವೆಂದು ಬಾಯಿ ತೆರೆದೆ.

"ಫೋನ್ ಇಲ್ಲಿ ಕೊಡು," ಎಂಬ ಮಾತು ಅತ್ತ ಕೇಳಿಸಿತು. ದೊಡ್ಡವ್ವ ಶೇವಂತಾಬಾಯಿಯ ಧ್ವನಿ ಸೋತಿತ್ತು, ಗತ್ತು ಹಾಗೇ ಇತ್ತು. "ಮಯೂರಿ, ಈಕಿ ಕಾಗಿ ಬಂತು ಕಾಗಿ ಬಂತು ಅಂತ ಕುಣ್ಯಾಕತ್ಯಾಳ. ನಾನು ಒಳಗಿದ್ದೆ, ನೋಡಲಿಲ್ಲ. ಆದ್ರ ನಂಗ ಕಾಗಿ ಗೊತ್ತಿಲ್ಲೇನ? ಕಾಗಿ ಮುಟ್ಟಿದ ತಟ್ಟಿ ಹ್ಯಾಂಗಿರ್ತದಂತ ಗೊತ್ತಿಲ್ಲೇನ? ನೀ ಖರೇ ಹೇಳು. ನನ್ನ ಸಮಾಧಾನಕ್ಕಂತ ಹೇಳಬ್ಯಾಡ."

ಇವಳಿಗೆ ಸುಳ್ಳು ಹೇಳುವ ಧೈರ್ಯ ನನಗಿರಲಿಲ್ಲ. "ಕಾಗಿ ಅಲ್ಲ ದೊಡ್ಡವ್ವ," ಎಂದೆ.

ತನಗೆ ತಾನೇ ಹೇಳಿಕೊಂಡಂತೆ ಅಂದಳು: "ನಂಗ ಗೊತ್ತಿತ್ತು. ಅವರಿಗಿ ನನ್ನ ಮ್ಯಾಲಿನ ಸಿಟ್ಟು ಇಳದಿಲ್ಲ."

"ಯಾವ ಸಿಟ್ಟು ದೊಡ್ಡವ್ವ? ಯಾಕ ಸಿಟ್ಟಾಗ್ತಾನ ದೊಡ್ಡಪ್ಪ?"

ಅವಳು ಮಾತು ತಿರುಗಿಸಿದಳು. "ಮತ್ತ ಯಾವ ಹಕ್ಕಿ ಅದು?" ಎಂದಳು.

"ಕೋಗಿಲಿ. ಗಂಡು ಕೋಗಿಲಿ."

"ಕೋಗಿಲಿ ಎಡಿ ಮುಟ್ತದೇನ?"

"ಅನ್ನ, ವಡಿ ಅದಕ್ಕ ಬೇಕಾಗಿಲ್ಲ. ಒಮ್ಮೊಮ್ಮೆ ಹುಳ ಹುಪ್ಪಡಿ ತಿಂತದ, ಅಷ್ಟೇ. ಅದರ ಜೀವ ಎಲ್ಲಾ ಹಣ್ಣಿನ ಮ್ಯಾಲೇ. ಅದಕ್ಕೇ ನೋಡು, ಬಾಳಿಹಣ್ಣು ಒಂದು ಹೋಳೂ ಬಿಟ್ಟಿಲ್ಲ. ಬಾಕಿ ಎಲ್ಲಾ ಇಟ್ಟಂಗ ಅದ."

ಆಮೇಲೆ ಕೇಳಿಸಿದ್ದು ಅಳುವೋ ನಗುವೋ ಮೊದಲಿಗೆ ತಿಳಿಯಲಿಲ್ಲ, ಎರಡೂ ಇತ್ತು. "ಬರೇ ಬಾಳಿಹಣ್ಣೇ ತಿಂತೇನ?" ಎಂದು ಕೇಳಿದಳು. "ಖರೇ ಹೇಳಾಕತ್ತೀ?"

"ತಟ್ಟಿ ನಿನ್ನ ಮುಂದೇ ಅದಲ್ಲ, ನೋಡು."

ಆಗ ಹೇಳಿದಳು. ದೊಡ್ಡಪ್ಪನಿಗೆ ಕಿಡ್ನಿ ಕೆಟ್ಟಿದ್ದು ನನಗೆ ಗೊತ್ತಿತ್ತು. ಡಾಕ್ಟರು ಬಾಳೆಹಣ್ಣು, ಎಳನೀರು ಮುಟ್ಟಿಸಬೇಡಿ ಎಂದಿದ್ದು ಗೊತ್ತಿರಲಿಲ್ಲ. ದಿನಾ ಉಂಡ ಮೇಲೆ ಬಾಳೆಹಣ್ಣು ತಿನ್ನದಿದ್ದರೆ ಊಟವೇ ಆಗಿಲ್ಲ ಎನ್ನುತ್ತಿದ್ದ ಮನುಷ್ಯ. ಸೊಸೆ ತಂದ ಹಣ್ಣನ್ನು ದೊಡ್ಡವ್ವ ಬೀರುವಿನಲ್ಲಿಟ್ಟು ಕೀಲಿ ಹಾಕುತ್ತಿದ್ದಳು, ಅವನು ಪಕ್ಕದ ಮನೆಯವರ ಹತ್ತಿರ ಬೇಡಿ ತಿಂದರೆ ಅವರ ಮನೆಗೂ ಹೋಗಿ ಜಗಳ ತೆಗೆಯುತ್ತಿದ್ದಳು. ಕೊನೆಯ ಸಲ ದವಾಖಾನೆಗೆ ಹೊರಟಾಗ ಅವನು ಕೇಳಿದ್ದೂ ಅದನ್ನೇ, ಅರ್ಧ ಹಣ್ಣು.

"ಅರ್ಧ ಕೊಡು ಶೇವಂತಾ ಅಂದ್ರು. ಮನಿಗಿ ಬಂದಮ್ಯಾಲ ಕೊಡ್ತೀನಿ ಅಂದೆ. ಬರಲೇ ಇಲ್ಲ. ಅವತ್ತಿನಿಂದ ನಾನೂ ಬಾಳಿಹಣ್ಣು ಮುಟ್ಟಿಲ್ಲ ಮಯೂರಿ, ಗಂಟಲಾಗ ಇಳಿಯಂಗಿಲ್ಲ. ಇವತ್ತಾದ್ರೂ ತಿನ್ಲಿ ಅಂತ ನನ್ನ ಕೈಲೇ ಸುಲಿದಿಟ್ಟಿದ್ದೆ."

ನನ್ನ ಕಣ್ಣು ತುಂಬಿತು. ಪಕ್ಕದಲ್ಲಿ ಕರೀಂ ಸರ್ ಡಬ್ಬಿಯ ಮುಚ್ಚಳ ಹಾಕುವುದು, ತೆಗೆಯುವುದು ಮಾಡುತ್ತಿದ್ದರು. ಅದು ಹಕ್ಕಿ, ಹಣ್ಣು ತಿನ್ನುವುದು ಅದರ ಸ್ವಭಾವ, ಯಾರು ಇಟ್ಟಿದ್ದರೂ ತಿನ್ನುತ್ತಿತ್ತು ಎಂದು ವಿಜ್ಞಾನದ ಟೀಚರ್ ಹೇಳಬೇಕಿತ್ತೇನೋ. ಹೇಳುವ ಮಾತನ್ನೆಲ್ಲ ಆಗಲೇ ಹೇಳಿಯಾಗಿತ್ತು, ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಅವಳು ಅದರಿಂದ ಏನು ತೆಗೆದುಕೊಂಡಳೋ ಅದು ಅವಳದು.

"ಕಾಗಿ ಆಗಿ ಬಂದಿದ್ರ ಎಲ್ಲಾ ತಿನ್ನಬೇಕಾಗ್ತಿತ್ತು," ಎಂದಳು ದೊಡ್ಡವ್ವ. "ಅವರಿಗಿ ಬೇಕಾಗಿದ್ದು ಅದೊಂದೇ. ಭಾಳ ಹಟದ ಮನುಷ್ಯಾ."

"ಈಗ ನೀನೂ ಒಂದು ತಿನ್ನು. ಮೊದಲು ಹಣ್ಣು, ಆಮ್ಯಾಲ ಊಟ. ಪೂನಮನ ಕೈಗಿ ಫೋನ್ ಕೊಡು."

ಪೂನಮ ಫೋನನ್ನು ಯಾವುದೋ ಡಬ್ಬಿಗೆ ಆನಿಸಿಟ್ಟು ವಿಡಿಯೊ ಹಚ್ಚಿದಳು. ಚಿತ್ರ ನೆಟ್ಟಗಿರಲಿಲ್ಲ, ಅರ್ಧ ಗೋಡೆ, ಅರ್ಧ ದೊಡ್ಡವ್ವ. ಸುಲಿದ ಹಣ್ಣನ್ನು ಅವಳು ತುಸು ಹೊತ್ತು ಕೈಯಲ್ಲಿ ಹಿಡಿದಳು. ನಡುವೆ ಮುರಿದು ಅರ್ಧವನ್ನು ಬಾಲ್ಕನಿಯ ತಟ್ಟೆಯಲ್ಲಿಟ್ಟು ಬಂದಳು. ಉಳಿದರ್ಧವನ್ನು ಬಾಯಿಗೆ ಹಾಕಿಕೊಂಡು ಮೆಲ್ಲಗೆ ಅಗಿದು ನುಂಗಿದಳು. ನಡುಗುತ್ತಿದ್ದ ಕೈಗೆ ಪೂನಮ ಸಕ್ಕರೆ ನೀರಿನ ಲೋಟ ಕೊಟ್ಟಾಗ ಮುಖ ತಿರುಗಿಸಲಿಲ್ಲ.

ನಾಲ್ಕು ತುತ್ತು ಅನ್ನ ಹೋಗಿ, ಬೆವರು ಆರಿ, ಮುಖಕ್ಕೆ ಕಳೆ ಬಂದ ಮೇಲೆ ಪೂನಮ ಕೇಳಿದಳು: "ಅಕ್ಕಾ, ಅದು ನಾಳಿನೂ ಬರ್ತದೇನ್ರಿ?"

"ಹಣ್ಣು ಸಿಕ್ಕ ಜಾಗ ಅದು ಮರಿಯಂಗಿಲ್ಲ. ಎದುರಿಗೇ ಮರ ಅದ, ಬರಬಹುದು. ಉಪ್ಪು, ಎಣ್ಣಿ ಇದ್ದಿದ್ದು ಇಡಬ್ಯಾಡ್ರಿ. ಬಾಳಿಹಣ್ಣು ಇಡ್ರಿ, ಪಪ್ಪಾಯಿ ಇದ್ರ ಅದೂ ಇಡ್ರಿ. ಪಪ್ಪಾಯಿ ಅಂದ್ರ ಕೋಗಿಲಿಗೆ ಪ್ರಾಣ."

"ಪಪ್ಪಾಯಿ ಬ್ಯಾಡ," ಎಂದಳು ದೊಡ್ಡವ್ವ, ತುತ್ತು ಬಾಯಲ್ಲಿ ಇರುವಾಗಲೇ. "ಅವರಿಗಿ ಪಪ್ಪಾಯಿ ಸೇರ್ತಿರಲಿಲ್ಲ."