ಕಂಬಳಿಗಳ ಬಗ್ಗೆ ಯಾರೂ ಕೇಳಲಿಲ್ಲ

ಪಾರ್ವತವ್ವ ಯಲ್ಲಾಪುರದ ಹುಡುಗಿಯರ ಸರ್ಕಾರಿ ಹಾಸ್ಟೆಲಿನಲ್ಲಿ ಇಪ್ಪತ್ತೆರಡು ವರ್ಷ ವಾರ್ಡನ್ ಆಗಿದ್ದು, ತೊಂಬತ್ತೊಂಬತ್ತರ ಮೇ ತಿಂಗಳಲ್ಲಿ ನಿವೃತ್ತಳಾದಳು. ಹಾವೇರಿ ಕಡೆಯವಳು, ಒಂಟಿ ಜೀವ. ತಿರುಗಿ ಹೋಗಲು ಮನೆಯೆಂಬುದಿರಲಿಲ್ಲ. ಹಾಸ್ಟೆಲಿನ ಎದುರಿಗೇ ಬಾಡಿಗೆ ಕೋಣೆ ಹಿಡಿದಳು.

ಎರಡು ಸಾವಿರದ ಮೂರರ ನವೆಂಬರಿನಲ್ಲಿ ಇಲಾಖೆಯಿಂದ ಆರೋಪ ಪಟ್ಟಿ ಬಂತು. ತೊಂಬತ್ತೆಂಟರ ಜುಲೈಯಲ್ಲಿ ಉಗ್ರಾಣದಿಂದ ಮೂವತ್ತೆಂಟು ಕಂಬಳಿ ಕಾಣೆಯಾಗಿವೆ ಎಂದು. ಆ ಜುಲೈ ಅವಳಿಗೆ ಚೆನ್ನಾಗಿ ನೆನಪಿತ್ತು. ಜ್ವರ ಹರಡಿ ಹಾಸ್ಟೆಲ್ ಮುಚ್ಚಿದಾಗ ಕಾಡಿನ ಗೌಳಿವಾಡದ ಹುಡುಗಿಯರು ನಡುಗುತ್ತ ಜೀಪು ಹತ್ತಿದ್ದರು. ಒಬ್ಬೊಬ್ಬರಿಗೂ ಒಂದೊಂದು ಕಂಬಳಿ ಹೊದಿಸಿ ಕಳಿಸಿದ್ದಳು. ರಸೀದಿ ಬರೆಸಿಕೊಂಡಿರಲಿಲ್ಲ.

ವಿಚಾರಣಾಧಿಕಾರಿ ಅದನ್ನು ಒಪ್ಪಲಿಲ್ಲ. ಕಂಬಳಿ ಕೊಟ್ಟ ದಿನ ರಜೆಯಲ್ಲಿದ್ದ ಹಾಸ್ಟೆಲಿನ ಅಡುಗೆಯ ದೇವಿ ಬಂದು, ಆಮೇಲೆ ಎಣಿಸಿದಾಗ ಕಡಿಮೆ ಇದ್ದದ್ದು ನಿಜ ಎಂದು ರುಜು ಹಾಕಿದಳು. ಮುಂದಿನ ವರ್ಷ ಸರ್ಕಾರದ ಆದೇಶ ಬಂತು: ಪಿಂಚಣಿಯಲ್ಲಿ ಕಾಲು ಭಾಗ ಕಾಯಂ ಕಡಿತ. ಅಂದಿನಿಂದ ದೇವಿ ಇವಳನ್ನು ಕಂಡರೆ ರಸ್ತೆ ದಾಟುತ್ತಿದ್ದಳು. ಸಂಜೆ ಕೋಣೆಗೆ ಬಂದು ಪಾಠ ಹೇಳಿಸಿಕೊಳ್ಳುತ್ತಿದ್ದ ಹುಡುಗಿಯರು ಬರುವುದೂ ನಿಂತಿತು.

ಪಾರ್ವತವ್ವ ಕಾಗದಗಳನ್ನು ಕಟ್ಟಿಕೊಂಡು ಶಿರಸಿಯ ವಕೀಲ ದಿನಕರ ಹೆಗಡೆಯ ಬಳಿ ಹೋದಳು. ಅವರು ತಾರೀಕುಗಳನ್ನಷ್ಟೇ ನೋಡಿದರು.

"ನೀವು ನೌಕರಿಯಲ್ಲಿದ್ದಾಗ ಯಾವ ವಿಚಾರಣೆಯೂ ಇರಲಿಲ್ಲ, ಅಲ್ದಾ?"

"ಇಲ್ರಿ."

"ಇದ್ದಿದ್ದರೆ ನಿವೃತ್ತಿ ಆದಮೇಲೂ ಮುಂದುವರಿಸ್ತಿದ್ರು. ಹೊಸದಾಗಿ ಶುರು ಮಾಡೂಕೆ ಸರ್ಕಾರದ ಮಂಜೂರಾತಿ ಬೇಕು. ಆರೋಪ ಪಟ್ಟಿ ಕೊಡೂಕೆ ಘಟನೆ ಆಗಿ ನಾಲ್ಕು ವರ್ಷ ಮೀರಿರಬಾರದು. ಇಲ್ಲಿ ಐದು ದಾಟಿದೆ."

"ಕಂಬಳಿ ನಾ ಕೊಟ್ಟಿದ್ದು ಖರೇ ರೀ. ಅದನ್ನ ಹೇಳಬೇಕು."

"ಅರ್ಜಿಯಲ್ಲಿ ಬರೀತೆ. ಆದರೆ ನಿಮ್ಮನ್ನ ಕಾಯೋದು ಆ ತಾರೀಕು."

ಹಾಗೆಯೇ ಆಯಿತು. ಬೆಂಗಳೂರಿನ ಆಡಳಿತ ನ್ಯಾಯಮಂಡಳಿ ಎರಡು ಸಾವಿರದ ಆರರಲ್ಲಿ ಆದೇಶವನ್ನು ರದ್ದುಮಾಡಿ, ತಡೆಹಿಡಿದದ್ದನ್ನು ಹಿಂದಿರುಗಿಸಲು ಹೇಳಿತು. ದಿನಕರ ತೀರ್ಪು ಓದಿ ಹೇಳಿದರು. ಅವಳು ಮೊದಲು ಕೇಳಿದ್ದು ಒಂದೇ.

"ಕಂಬಳಿ ಬಗ್ಗೆ ಏನು ಬರದಾರ್ರಿ?"

"ಅದರೊಳಗೆ ಹೋಗೂ ಅಗತ್ಯವೇ ಬರಲಿಲ್ಲೆ, ಪಾರ್ವತವ್ವಾ. ಕಾಲ ಮೀರಿದೆ ಅಂದ್ರೆ ಮುಗೀತು."

ಯಲ್ಲಾಪುರದಲ್ಲಿ ಹಾಸ್ಟೆಲಿನ ಬಳಿ ಬಸ್ಸಿಳಿದಾಗ ದೇವಿ ತರಕಾರಿ ಚೀಲ ಹಿಡಿದು ಎದುರಾದಳು. ಈ ಸಲ ರಸ್ತೆ ದಾಟಲಿಲ್ಲ.

"ಗೆದ್ರಂತೆ, ಅಕ್ಕೋರೆ?"

"ಹೂಂ."

"ತಡ ಆಗಿತ್ತಂತೆ. ಅದಕ್ಕೇ ಬಿಟ್ರಂತೆ." ದೇವಿಯ ದನಿಯಲ್ಲಿ ಕುಹಕವಿರಲಿಲ್ಲ; ಕೇಳಿದ್ದನ್ನು ಹೇಳಿದ್ದಳು, ಅಷ್ಟೆ.

ಪಾರ್ವತವ್ವ ಮಾತಿಗೆಂದು ಬಾಯಿ ತೆರೆದಳು. ಜೀಪು, ಜ್ವರ, ಹುಡುಗಿಯರ ಹೆಸರು ಎಲ್ಲ ನಾಲಗೆಗೆ ಬಂತು. ಅಷ್ಟರಲ್ಲಿ ದೇವಿ, "ಅಡುಗೆಗೆ ಹೊತ್ತಾತು," ಎಂದು ಹಾಸ್ಟೆಲಿನ ಗೇಟು ಸೇರಿಯಾಗಿತ್ತು. ಪಾರ್ವತವ್ವ ಎದುರಿನ ತನ್ನ ಕೋಣೆಯ ಬೀಗ ತೆಗೆದಳು.