ಹದಿನೈದನೇ ವಾರದ ಘನಕಾರ್ಯ

ಮಾಸ್ಟರ್ ಓಡಲು ಹೊರಟರೆ ಅವರ ನೆರಳಿಗೆ ಎರಡನೇ ತಿರುವಿನಲ್ಲೇ ಉಸಿರು ಕಟ್ಟುತ್ತಿತ್ತು. ಪಾಪ, ಅದು ಯಾವುದಾದರೂ ಮರದ ಬುಡದಲ್ಲಿ ಕುಳಿತು ಸುಧಾರಿಸಿಕೊಳ್ಳುತ್ತಿತ್ತು. ಮಾಸ್ಟರ್ ಊರೆಲ್ಲ ಸುತ್ತಿ ವಾಪಸಾಗುವಾಗ ಅದನ್ನು ಜೊತೆಗೆ ಕರೆದುಕೊಂಡು ಮನೆಗೆ ಬರುತ್ತಿದ್ದರು. ಇದಕ್ಕೆ ಸಾಕ್ಷಿ ಬೇಕೆಂದರೆ ಮಾಸ್ಟರನ್ನೇ ಕೇಳಬಹುದು. ಬೇರೆ ಯಾರನ್ನೂ ಕೇಳುವ ಅಗತ್ಯವಿಲ್ಲ, ಕೇಳುವುದು ಮರ್ಯಾದೆಯೂ ಅಲ್ಲ.

ಡ್ರೈವಿಂಗ್ ಸ್ಕೂಲಿನಲ್ಲಿ ಅವರದು ಪಕ್ಕದ ಸೀಟು. ಇಪ್ಪತ್ತು ವರ್ಷದಿಂದ ಆ ಸೀಟಿನಲ್ಲೇ ಕುಳಿತು, ಕಾಲಡಿಯಲ್ಲಿ ತಮ್ಮದೇ ಒಂದು ಬ್ರೇಕು ಇಟ್ಟುಕೊಂಡು, ಕಲಿಯಲು ಬಂದವರಿಗೆಲ್ಲ ಜೀವನದ ಬಗ್ಗೆ ಉಪದೇಶ ಮಾಡಿದ್ದರು. ಕಲಿತವರು ಗೇರು ಬದಲಾಯಿಸುವುದನ್ನು ಮರೆತರೂ ಮಾಸ್ಟರ್ ಯೌವನದಲ್ಲಿ ಚಿರತೆಯೊಂದನ್ನು ಬೆನ್ನಟ್ಟಿ ಬುದ್ಧಿ ಹೇಳಿ ಕಳಿಸಿದ್ದನ್ನು ಮರೆಯುತ್ತಿರಲಿಲ್ಲ.

ಅವರ ಹೆಂಡತಿ ಔಷಧಿ ಅಂಗಡಿಯವರು. ವರ್ಷದಿಂದ ಬೆಳಗ್ಗೆ ಪಾರ್ಕಿನ ಗುಂಪಿನ ಜೊತೆ ಸದ್ದಿಲ್ಲದೆ ಓಡುತ್ತಿದ್ದರು. ಮಾಸ್ಟರೂ ಹೋಗುತ್ತಿದ್ದರು, ಹೆಂಡತಿಯ ಕಾವಲಿಗೆ ಎಂದು. ಕಾವಲುಗಾರನೇ ಯಾವಾಗಲೂ ಒಂದು ಫರ್ಲಾಂಗು ಹಿಂದಿರುತ್ತಿದ್ದ ಎಂಬುದು ಬೇರೆ ಮಾತು. ಒಂದು ಸಂಜೆ ಆಕೆ ಅಂಗಡಿಯಿಂದ ಬಂದವರೇ, ಮ್ಯಾರಥಾನಿಗೆ ಹೆಸರು ಕೊಟ್ಟಿದ್ದೇನೆ ಎಂದರು. ಗಂಡ ಕಣ್ಣು ಬಿಟ್ಟಾಗ ಕಾರಣವನ್ನೂ ಹೇಳಿದರು.

"ಇಪ್ಪತ್ತು ವರ್ಷ ಕೌಂಟರ್ ಹಿಂದೆ ನಿಂತೂ ನಿಂತೂ ಸಾಕಾಗಿದೆ ರೀ. ಒಂದ್ಸಲ ಓಡಿ ಎಲ್ಲಿಗಾದ್ರೂ ಮುಟ್ಬೇಕು ಅನ್ಸಿದೆ."

ಆಕೆಯ ಮಾತು ಮುಗಿಯುವುದರೊಳಗೆ ಮಾಸ್ಟರ್ ತಮ್ಮ ಹೆಸರನ್ನೂ ಕೊಡುವುದಾಗಿ ಘೋಷಿಸಿದರು. ಅಷ್ಟೇ ಅಲ್ಲ, ಮುಕ್ತಾಯದ ಗೆರೆಯನ್ನು ಇಬ್ಬರೂ ಕೈಕೈ ಹಿಡಿದೇ ದಾಟುವುದೆಂದು ಮಾತು ಕೊಟ್ಟರು, ಮಾತು ತೆಗೆದುಕೊಂಡರು. ಮದುವೆಯ ನಂತರ ಅವರು ಆಕೆಯ ಕೈ ಹಿಡಿಯುವ ಪ್ರಸ್ತಾಪ ಎತ್ತಿದ್ದು ಅದೇ ಮೊದಲು. ಆಕೆ ಕರಗಿಹೋದರು.

ಪಾರ್ಕಿನ ಗುಂಪಿನ ಕೋಚ್ ಮೇಡಂ ಫಿಸಿಯೋಥೆರಪಿಸ್ಟ್. ಮಾತು ಕಡಿಮೆ, ಅದರಲ್ಲೂ ಮಾಸ್ಟರ್ ಎದುರಿಗೆ. ಹದಿನಾರು ವಾರದ ಯೋಜನೆಯನ್ನು ಕೈಗಿತ್ತು ವಿವರಿಸಿದರು. ವಾರಕ್ಕೆ ನಾಲ್ಕು ದಿನ ಓಟ, ಒಂದು ದಿನ ಕಾಲು–ಸೊಂಟ ಗಟ್ಟಿಮಾಡುವ ವ್ಯಾಯಾಮ, ಎರಡು ದಿನ ಪೂರ್ತಿ ವಿಶ್ರಾಂತಿ. ಭಾನುವಾರ ಉದ್ದನೆಯ ಓಟ. ಅದು ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ಬೆಳೆಯುತ್ತದೆ, ನಾಲ್ಕು ವಾರಕ್ಕೊಮ್ಮೆ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಹದಿಮೂರನೇ ವಾರ ಮೂವತ್ತೆರಡು ಕಿಲೋಮೀಟರ್, ಅದೇ ಶಿಖರ. ಆಮೇಲೆ ಮೂರು ವಾರ ಓಟವನ್ನು ಇಳಿಸುತ್ತ ಬರಬೇಕು, ಕಾಲುಗಳು ಚೇತರಿಸಿಕೊಳ್ಳಲಿ ಎಂದು. ಉದ್ದನೆಯ ಓಟದಲ್ಲಿ ವೇಗ ಎಷ್ಟಿರಬೇಕೆಂದು ಯಾರೋ ಕೇಳಿದ್ದಕ್ಕೆ, ಓಡುತ್ತಲೇ ಮಾತಾಡುವಷ್ಟು ನಿಧಾನ ಎಂದರು.

ಆ ನಿಯಮವನ್ನು ಮಾಸ್ಟರಷ್ಟು ನಿಷ್ಠೆಯಿಂದ ಯಾರೂ ಪಾಲಿಸಲಿಲ್ಲ. ಮೊದಲ ಭಾನುವಾರದಿಂದಲೇ ಅವರು ಮಾತಾಡುತ್ತ ಓಡಿದರು. ಅವರ ಪಕ್ಕದಲ್ಲಿದ್ದವರು ಮಾತು ತಪ್ಪಿಸಿಕೊಳ್ಳಲು ಜೋರಾಗಿ ಓಡಿ ತಮ್ಮ ಯೋಜನೆ ಕೆಡಿಸಿಕೊಂಡರು.

ಹೆಂಡತಿ ಆ ಹಾಳೆಯನ್ನು ವೈದ್ಯರ ಚೀಟಿಯಂತೆ ಕಂಡರು. ಊಟಕ್ಕೆ ಮುಂಚೆ ಎಂದರೆ ಊಟಕ್ಕೆ ಮುಂಚೆ, ಎಂಟು ಎಂದರೆ ಎಂಟು, ಒಂಬತ್ತಿಲ್ಲ. ಮಾಸ್ಟರ್ ಮಾತ್ರ ಅದನ್ನು ಮದುವೆಯ ಊಟದಂತೆ ಕಂಡರು. ಇಷ್ಟವಾದದ್ದನ್ನು ಎರಡು ಸಲ ಬಡಿಸಿಕೊಳ್ಳುವುದು, ಉಳಿದದ್ದನ್ನು ಎಲೆಯ ಅಂಚಿಗೆ ತಳ್ಳುವುದು. ವಿಶ್ರಾಂತಿಯ ದಿನ ಅವರು ಸೋಫಾದ ಮೇಲೆ ಎಷ್ಟು ಶ್ರದ್ಧೆಯಿಂದ ಬಿದ್ದುಕೊಳ್ಳುತ್ತಿದ್ದರೆಂದರೆ, ಸೋಫಾಕ್ಕೇ ಬೆನ್ನುನೋವು ಬಂತು. ವ್ಯಾಯಾಮದ ದಿನವನ್ನೂ ಅದೇ ಶ್ರದ್ಧೆಯಿಂದ ಸೋಫಾಕ್ಕೆ ಸೇರಿಸಿಬಿಟ್ಟರು. ಆದರೂ ಭಾನುವಾರಗಳನ್ನು ತಪ್ಪಿಸಲಿಲ್ಲ. ಹದಿಮೂರನೇ ವಾರ ಹೆಂಡತಿಯ ಹಿಂದೆ ಏದುಸಿರು ಬಿಡುತ್ತ ಮೂವತ್ತೆರಡನ್ನೂ ಮುಗಿಸಿದರು. ಅಂದು ಸೂರ್ಯನೇ ಚಪ್ಪಾಳೆ ತಟ್ಟಿದನೆಂದು ಪ್ರತೀತಿ.

ಅಲ್ಲಿಂದ ಶುರುವಾಯಿತು ಇಳಿಕೆ, ಅದರ ಜೊತೆಗೆ ಅವರ ಗ್ರಹಚಾರ. ದಣಿವಿದ್ದಾಗ ಬಂಗಾರದಂತಿದ್ದ ಸೋಫಾ, ದಣಿವಿಲ್ಲದಾಗ ಮುಳ್ಳಾಯಿತು. ಕುಳಿತರೆ ಮೊಣಕಾಲಲ್ಲಿ ಟಕ್ ಎಂದಂತೆ, ನಿಂತರೆ ಹಿಮ್ಮಡಿ ಚುಚ್ಚಿದಂತೆ, ಮಲಗಿದರೆ ಗಂಟಲು ಕೆರೆದಂತೆ. ಇಲ್ಲದ ರೋಗವಿರಲಿಲ್ಲ. ಕೋಚ್ ಮೇಡಂಗೆ ಹೇಳಿಕೊಂಡರೆ ಅವರು ನಕ್ಕರು.

"ಎಲ್ಲರಿಗೂ ಆಗತ್ತೆ ಮಾಸ್ಟರ್ರೇ. ಅನ್ನ ಬೆಂದಾಗಿದೆ, ಈಗ ಮುಚ್ಚಿಡಬೇಕು ಅಷ್ಟೇ. ಮತ್ತೆ ಉರಿ ಹಾಕಿದ್ರೆ ತಳ ಹತ್ತತ್ತೆ."

ಅಷ್ಟಕ್ಕೇ ಬಿಟ್ಟಿದ್ದರೆ ಮುಗಿದಿತ್ತು. ಆದರೆ ಆ ವಾರ ಕಾರು ಕಲಿಯುತ್ತಿದ್ದ ಟೈಲರಮ್ಮ ರಿವರ್ಸ್ ಗೇರು ಹುಡುಕುತ್ತಲೇ ಒಂದು ಮಾತು ಕೇಳಿದರು.

"ಅಲ್ಲ ಮಾಸ್ಟರ್, ಓಡ್ಬೇಕಾದ್ದು ನಲವತ್ತೆರಡು, ಓಡಿಸಿದ್ದು ಮೂವತ್ತೆರಡು. ಉಳಿದ ಹತ್ತು ಯಾರು ಓಡ್ತಾರೆ?"

ಮಾಸ್ಟರ್ ಕಾಲಡಿಯ ಬ್ರೇಕು ತಾನಾಗಿಯೇ ಬಿತ್ತು. ಡ್ರೈವಿಂಗ್ ಸ್ಕೂಲಿನಲ್ಲಿ ಅವರದೇ ಶಾಸನವಿತ್ತು: ಮೈದಾನದಲ್ಲಿ ಒಮ್ಮೆಯಾದರೂ ಪೂರ್ತಿ ಸುತ್ತು ತಪ್ಪಿಲ್ಲದೆ ಓಡಿಸದವರನ್ನು ಲೈಸೆನ್ಸ್ ಪರೀಕ್ಷೆಗೆ ಕಳಿಸಕೂಡದು. ಮುಕ್ಕಾಲು ಸುತ್ತು ಬಂದಿದ್ದೀಯ, ಉಳಿದದ್ದು ಪರೀಕ್ಷೆಯ ದಿನ ತಾನಾಗಿ ಬರುತ್ತದೆ ಎಂದು ಯಾವ ಗುರು ಹೇಳಿಯಾನು? ಕೋಚ್ ಮೇಡಂ ಎಷ್ಟೆಂದರೂ ಮೂಳೆ ನೋಡುವವರು, ಅವರಿಗೆ ಪರೀಕ್ಷೆಯ ಮರ್ಮ ಹೇಗೆ ಗೊತ್ತಿರಬೇಕು ಎಂದು ಮಾಸ್ಟರ್ ತೀರ್ಮಾನಿಸಿದರು.

ಹದಿನೈದನೇ ವಾರದ ಗುರುವಾರ, ಓಟಕ್ಕೆ ಹತ್ತೇ ದಿನವಿರುವಾಗ, ಮಾಸ್ಟರ್ ಹೆಂಡತಿಗೆ ಇಡೀ ದಿನ ಲೈಸೆನ್ಸ್ ಪರೀಕ್ಷೆ ಇದೆಯೆಂದು ಹೇಳಿ ಹೊರಟರು. ಹೋದದ್ದು ಡ್ರೈವಿಂಗ್ ಸ್ಕೂಲಿನ ಮೈದಾನಕ್ಕೆ. ಅಲ್ಲಿ, ಕಿತ್ತಳೆ ಬಣ್ಣದ ಕೋನುಗಳ ನಡುವೆ, ಎಂಟರ ಆಕಾರದ ಗೆರೆಯ ಮೇಲೆ, ಓಡಿದರು. ಸುತ್ತಿದ್ದೇ ಸುತ್ತಿದ್ದು. ಕೋನುಗಳಿಗೆ ತಲೆ ತಿರುಗಿತು, ಮಾಸ್ಟರ್‌ಗೆ ತಿರುಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಲವತ್ತೆರಡೂ ಮುಗಿಸಿ, ಇನ್ನೂ ಓಡಬಹುದಿತ್ತು ಆದರೆ ಕೆಲಸವಿದೆಯೆಂದು ನಿಲ್ಲಿಸಿದರು. ಸಂಜೆ ಮನೆಯ ಮೆಟ್ಟಿಲನ್ನು ಹಿಮ್ಮುಖವಾಗಿ, ಕಂಬಿ ಹಿಡಿದು ಹತ್ತಿದರು. ಹೆಂಡತಿ ಕೇಳಿದ್ದಕ್ಕೆ ರಿವರ್ಸ್ ಕಲಿಸಿ ಕಲಿಸಿ ಅಭ್ಯಾಸವಾಗಿದೆ ಎಂದರು. ಕೊನೆಯ ವಾರದಲ್ಲಿದ್ದ ಒಂದೆರಡು ಸಣ್ಣ ಓಟಗಳನ್ನು ಶೀತದ ನೆಪ ಹೇಳಿ ತಪ್ಪಿಸಿಕೊಂಡರು.

ಮ್ಯಾರಥಾನಿನ ಬೆಳಗು ಬಂತು. ಆರು ಗಂಟೆಯೊಳಗೆ ಮುಗಿಸಬೇಕು. ಆ ಲೆಕ್ಕದ ವೇಗದಲ್ಲೇ ಹಿಂದಿನಿಂದ ಒಂದು ಬಸ್ಸು ತೆವಳುತ್ತ ಬರುತ್ತದೆ, ಅದಕ್ಕೆ ಸಿಕ್ಕವರು ಹತ್ತಿ ಕೂರಬೇಕು. ಮೊದಲರ್ಧ ಮಾಸ್ಟರ್ ಹುಲಿ, ಹೆಂಡತಿಗಿಂತ ಒಂದು ಫರ್ಲಾಂಗು ಮುಂದೆ. ಇಪ್ಪತ್ತೈದಕ್ಕೆ ಬೆಕ್ಕು. ಮೂವತ್ತರ ಫಲಕ ಕಾಣುವಾಗ ಓಡುವುದು ಅತ್ತಲಾಗಿರಲಿ, ತೊಡೆಗಳೆರಡೂ ಒರಳುಕಲ್ಲಾಗಿ ನಡೆಯುವುದೇ ದುಸ್ತರವಾಯಿತು. ಹಿಂದಿನಿಂದ ಬಂದು ಸೇರಿಕೊಂಡ ಹೆಂಡತಿ ಇನ್ನೂ ಹಗುರವಾಗಿದ್ದರು. ಆದರೂ ಗಂಡನ ಹೆಜ್ಜೆಗೆ ಹೆಜ್ಜೆ ಹಾಕಿ ನಡೆಯತೊಡಗಿದರು. ಮಾತು ಕೊಟ್ಟಾಗಿತ್ತಲ್ಲ.

ಮಾಸ್ಟರ್ ಮೊಣಕಾಲಿನ ಮೇಲೆ ತಪ್ಪು ಹೊರಿಸಿದರು. ಯಾವನೋ ಅಡ್ಡ ಬಂದದ್ದು, ತಾವು ಅವನ ಪ್ರಾಣ ಉಳಿಸಲು ಗಾಳಿಯಲ್ಲಿ ತಿರುಗಿದ್ದು, ಮೊಣಕಾಲು ಹೊರಳಿದ್ದು ಎಲ್ಲವನ್ನೂ ವರ್ಣಿಸಿದರು. ಹೆಂಡತಿಯ ಕಣ್ಣು ತುಂಬಿತು. ಇಂಥ ಸ್ಥಿತಿಯಲ್ಲಿ ಬಿಟ್ಟುಹೋಗುವುದುಂಟೇ ಎಂದು ಅವರು ಗಂಡನ ತೋಳು ಹಿಡಿದರು. ಹಿಂದೆ ತಿರುಗಿ ನೋಡಿದರೆ ದೂರದ ತಿರುವಿನಲ್ಲಿ ಬಸ್ಸಿನ ಮೂತಿ ಕಾಣುತ್ತಿತ್ತು. ಆಕೆಯ ಹದಿನಾರು ವಾರ ಆ ಬಸ್ಸಿಗೂ ಈ ತೋಳಿಗೂ ನಡುವೆ ಸಿಕ್ಕಿಕೊಂಡಿತ್ತು. ಮಾಸ್ಟರ್‌ಗೆ ಅದು ಗೊತ್ತಿತ್ತು. ಗೊತ್ತಿದ್ದೂ ಇನ್ನೊಂದಿಷ್ಟು ಕುಂಟಿದರು.

"ರೀ," ಎಂದರು ಹೆಂಡತಿ ಇದ್ದಕ್ಕಿದ್ದಂತೆ. "ಹೊರಳಿದ್ದು ಬಲಗಾಲು ಅಂದ್ರಿ. ಈಗ ಎಡಗಾಲು ಕುಂಟ್ತಿದೆಯಲ್ಲ?"

ಮಾಸ್ಟರ್ ಗಂಟಲು ಸರಿಮಾಡಿಕೊಂಡು ಗುರುವಾರದ ಗುಟ್ಟು ಬಿಚ್ಚಿದರು: ತಾವು ಆಗಲೇ ನಲವತ್ತೆರಡನ್ನೂ ಓಡಿ ನೋಡಿದ್ದು, ಕಾಲು ಇನ್ನೂ ಆ ದಣಿವಿನಲ್ಲೇ ಇರುವುದು. ಹೆಂಡತಿ ಬೈಯುತ್ತಾರೆ, ಬೈದು ಮುಂದೆ ಹೋಗುತ್ತಾರೆ ಎಂದುಕೊಂಡಿದ್ದರು. ಆಕೆಯ ಮುಖ ಅರಳಿಬಿಟ್ಟಿತು.

"ಒಬ್ರೇ ಪೂರ್ತಿ ಓಡಿದ್ರಾ? ಹಾಗಾದ್ರೆ ಇವತ್ತೂ ಆಗತ್ತೆ. ನಿಧಾನಕ್ಕೆ ನಡೀರಿ, ನಾನು ಬಿಟ್ಟು ಹೋಗಲ್ಲ."

ಬಸ್ಸಿನ ಇಂಜಿನ್ ಸದ್ದು ಕಿವಿಗೆ ಬೀಳತೊಡಗಿತು. ಬಡಾಯಿಯನ್ನು ನಂಬುವವರು ಸಿಕ್ಕರೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇಲ್ಲ. ಮಾಸ್ಟರ್ ನಿಂತರು.

"ಓಡಿಲ್ಲ ಕಣೇ," ಎಂದರು. "ಮೂವತ್ನಾಲ್ಕಕ್ಕೇ ಕಾಲು ಹಿಡ್ಕೊಂಡ್ತು. ಕೋನ್ ಪಕ್ಕ ಕೂತು ಅಳ್ತಿದ್ದೆ. ಟೈಲರಮ್ಮ ಬಂದು ಕಾರಲ್ಲಿ ಮನೆ ಹತ್ರ ಬಿಟ್ಲು. ನೀನು ಮುಗಿಸ್ತೀಯ, ನನ್ ಕೈಲಿ ಆಗಲ್ಲ ಅಂತ ಭಯ ಆಗಿತ್ತು. ಇವತ್ತೂ ಆಗಲ್ಲ. ನೀನು ಹೋಗು."

ಹೆಂಡತಿ ಒಂದು ಕ್ಷಣ ಗಂಡನನ್ನು, ಒಂದು ಕ್ಷಣ ಬಸ್ಸನ್ನು ನೋಡಿದರು. ತೋಳು ಬಿಟ್ಟರು. ಇದನ್ನು ಆ ಗುರುವಾರವೇ ಹೇಳಿದ್ದರೆ ಕಾಲಿಗೆ ಮುಲಾಮಾದರೂ ಹಚ್ಚುತ್ತಿದ್ದೆನಲ್ಲ ಎಂದಷ್ಟೇ ಹೇಳಿ ಓಡಿದರು. ಹಿಂದಿರುಗಿ ನೋಡಲಿಲ್ಲ.

ಮುಂದಿನ ತಿರುವಿನಲ್ಲಿ ಬಸ್ಸು ಮಾಸ್ಟರನ್ನು ಹತ್ತಿಸಿಕೊಂಡಿತು. ಒಳಗೆ ಆರೇಳು ಜನ ಸೋತವರು, ಕೆಲಸವಿಲ್ಲದೆ ಕಿವಿ ತೆರೆದು ಕುಳಿತವರು. ಇಂಥ ಶ್ರೋತೃಗಳು ಪುಣ್ಯ ಮಾಡಿದರೆ ಮಾತ್ರ ಸಿಗುತ್ತಾರೆ. ಮಾಸ್ಟರ್ ಬಾಯಿ ಮುಚ್ಚಿಕೊಂಡು ಕಿಟಕಿಯ ಪಕ್ಕ ಕುಳಿತರು. ಒಂದು ಗಂಟೆ ಕಳೆದ ಮೇಲೆ ಕೋಚ್ ಮೇಡಂ ಸೈಕಲ್ ಮೇಲೆ ಎದುರಿನಿಂದ ಬಂದು ಕಿಟಕಿಗೆ ಸಮನಾಗಿ ತಿರುಗಿಸಿಕೊಂಡರು. ನಿಮ್ಮ ಮನೆಯವರು ನಲವತ್ತು ದಾಟಿದರು, ನಡೆದರೂ ಸಮಯ ಸಾಕು, ಆದರೆ ಅವರು ನಡೆಯುತ್ತಿಲ್ಲ ಎಂದರು. ಆಮೇಲೆ ಮಾಸ್ಟರ್ ಕಾಲಿಗೆ ಏನಾಯಿತೆಂದು ವಿಚಾರಿಸಿದರು. ಬಸ್ಸಿನಲ್ಲಿದ್ದವರೆಲ್ಲ ಇತ್ತ ತಿರುಗಿದರು.

ಅಡ್ಡ ಬಂದವನು, ಗಾಳಿಯಲ್ಲಿ ತಿರುಗಿದ್ದು, ಎಲ್ಲ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು.

"ಕಾಲಿಗೇನೂ ಆಗಿಲ್ಲ ಮೇಡಂ," ಎಂದರು ಮಾಸ್ಟರ್. "ಮುಚ್ಚಿಡಿ ಅಂದಿದ್ರಿ. ನಾನು ಉರಿ ಹಾಕ್ದೆ."